ಉದ್ಘೋಷಕಿಯ ಮುಂದೆ ಓದುವ ಭಾಷಣ: ನಿಲುಗಡೆ ಗುರುತು ಹಾಕುವಾಗ ಕಲಿತ ಪಾಠಗಳು

ಬೇರೆಯವರು ಓದುವ ಭಾಷಣವನ್ನು ಬರೆದುಕೊಡುವುದು ನನ್ನ ಕೆಲಸಗಳಲ್ಲಿ ಒಂದು. ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಷಷ್ಟ್ಯಬ್ದಿ, ನಿವೃತ್ತಿ, ಪುಸ್ತಕ ಬಿಡುಗಡೆ ಅಂತ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅಧ್ಯಕ್ಷರಿಗೋ ಕಾರ್ಯದರ್ಶಿಗೋ ನಾಲ್ಕು ಪುಟ ಬರೆದುಕೊಡುವವರು ಬೇಕಾಗುತ್ತಾರೆ. ಇವುಗಳಲ್ಲೆಲ್ಲ ಬಹಳ ಎಚ್ಚರದಿಂದ ಬರೆಯಬೇಕಾಗಿ ಬಂದದ್ದು, ಆಕಾಶವಾಣಿ ಬೆಂಗಳೂರು ನಿಲಯದಿಂದ ನಿವೃತ್ತರಾದ ಹಿರಿಯ ಉದ್ಘೋಷಕಿಯೊಬ್ಬರ ಬೀಳ್ಕೊಡುಗೆ ಭಾಷಣವನ್ನು. ಕಚೇರಿಯ ಬೀಳ್ಕೊಡುಗೆ ತಿಂಗಳ ಕೊನೆಯ ದಿನವೇ ಮುಗಿದಿತ್ತು. ಇದು ಆಮೇಲೊಂದು ಭಾನುವಾರ ಬನಶಂಕರಿ ಎರಡನೇ ಹಂತದ ಸಣ್ಣ ಸಭಾಂಗಣದಲ್ಲಿ ಅಕ್ಕಪಕ್ಕದವರು, ಕೇಳುಗರು, ಹಳೆಯ ಸಹೋದ್ಯೋಗಿಗಳು ಸೇರಿ ಮಾಡಿದ್ದು. ಓದಿದವರು ಅವರ ಕೈಕೆಳಗೆ ಕಲಿತ ಕಿರಿಯ ಉದ್ಘೋಷಕಿ. ಹೆಸರು ಬೇಡ ಅಂದಿದ್ದಾರೆ. ಇಲ್ಲಿ ಅವರನ್ನು ಮೇಡಂ ಎಂದೇ ಕರೆಯುತ್ತೇನೆ, ನಿಲಯದಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಮುಂದಿನ ಸಾಲಿನಲ್ಲಿ ಕೂತವರು ಜೀವಮಾನವಿಡೀ ಬರೆದದ್ದನ್ನು ಬಾಯಲ್ಲಿ ಹೇಳಿ ಬದುಕಿದವರು. ಅವರ ಕಿವಿಗೆ ತಪ್ಪಿದ ನಿಲುಗಡೆ ತಪ್ಪಿದ ಶ್ರುತಿಯಷ್ಟೇ ಸ್ಪಷ್ಟವಾಗಿ ಕೇಳುತ್ತದೆ.

1. ಕಂಠಸಿರಿಯನ್ನು ಬದಿಗಿಟ್ಟು, ಅವರು ಮಾಡುತ್ತಿದ್ದ ಕೆಲಸವನ್ನು ಕೇಳಿ ತಿಳಿಯಿರಿ

ಸಂಘಟಕರು ಕೊಟ್ಟ ಟಿಪ್ಪಣಿಯಲ್ಲಿ ಜೇನಿನಂಥ ದನಿ, ಅಮೋಘ ಕಂಠಸಿರಿ, ನಾಡಿನ ಮನೆಮಾತು, ಇಷ್ಟೇ ಇತ್ತು. ಇವು ಯಾವ ಉದ್ಘೋಷಕರಿಗೂ ಒಪ್ಪುತ್ತವೆ. ಹಾಗಾಗಿ ಕೇಳಿದವರಿಗೆ ಯಾರ ಮುಖವೂ ಕಣ್ಣಿಗೆ ಕಟ್ಟುವುದಿಲ್ಲ. ನಾನು ಮೂವರ ಹತ್ತಿರ ಹೋಗಿ ಕೂತೆ: ಅವರ ಜೊತೆ ಪಾಳಿ ಮಾಡಿದ ಡ್ಯೂಟಿ ಆಫೀಸರ್, ನಿಯಂತ್ರಣ ಕೊಠಡಿಯಲ್ಲಿದ್ದ ಇಂಜಿನಿಯರ್, ಬೆಳಗಿನ ಪಾಳಿಗೆ ಅವರನ್ನು ಕರೆದೊಯ್ಯುತ್ತಿದ್ದ ಗಾಡಿಯ ಚಾಲಕ. ಮೂವರನ್ನೂ ಕೇಳಿದ್ದು ಒಂದೇ ಪ್ರಶ್ನೆ: ಕೇಳುಗರಿಗೆ ಗೊತ್ತಾಗದಂತೆ ಇವರು ಏನು ಮಾಡುತ್ತಿದ್ದರು?

ಚಾಲಕ ಹೇಳಿದ್ದು, ಬೆಳಗಿನ ಜಾವ ನಾಲ್ಕೂವರೆಗೆ ಗಾಡಿ ಮನೆ ಮುಂದೆ ನಿಂತಾಗ ಇವರು ಗೇಟಿನ ಹೊರಗೇ ಇರುತ್ತಿದ್ದರು ಅಂತ. ಹಾರ್ನ್ ಹೊಡೆಯಬೇಕಾದ ಪ್ರಮೇಯವೇ ಬರಲಿಲ್ಲವಂತೆ. ಇಂಜಿನಿಯರ್ ಹೇಳಿದ್ದು ಫೇಡರ್ ಬಗ್ಗೆ: ಹಾಡಿನ ಕೊನೆಯ ತಂಬೂರಿ ನಾದ ಪೂರ್ತಿ ಇಳಿಯುವ ತನಕ ಮೈಕ್ ಫೇಡರನ್ನು ಇವರು ಮೇಲೆತ್ತುತ್ತಿರಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಅರ್ಧ ನಿಮಿಷ ಉಳಿದರೆ ವಾದ್ಯಸಂಗೀತದ ಫಿಲ್ಲರ್ ಹಾಕಿ, ಗಡಿಯಾರ ನೋಡುತ್ತ ಸೆಕೆಂಡಿಗೆ ಸರಿಯಾಗಿ ಅದನ್ನು ಇಳಿಸುತ್ತಿದ್ದರು. ಡ್ಯೂಟಿ ಆಫೀಸರ್ ಹೇಳಿದ್ದು ಒಂದು ದಿನದ ಕತೆ. ಭಾಷಣ ನಿಂತದ್ದು ಅದರ ಮೇಲೆ.

ಸಂಘಟಕರಲ್ಲೊಬ್ಬರಿಗೆ ಚರಿತ್ರೆಯಿಂದ ಶುರುವಾಗಬೇಕು ಅನ್ನಿಸಿತ್ತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದ್ದು, 1955ರ ನವೆಂಬರ್‌ನಲ್ಲಿ ಬೆಂಗಳೂರು ನಿಲಯ ಆರಂಭವಾದದ್ದು, ಎಲ್ಲವೂ ಹೆಮ್ಮೆಯ ಸಂಗತಿಗಳೇ. ಆದರೆ ಮೇಡಂ ಆಗ ಹುಟ್ಟಿಯೂ ಇರಲಿಲ್ಲ. ಸಭೆಯಲ್ಲಿ ಅರ್ಧದಷ್ಟು ಜನ ನಿಲಯದವರೇ, ಅವರಿಗೆ ಇದೆಲ್ಲ ಬಾಯಿಪಾಠ. ನಿವೃತ್ತರಾಗುತ್ತಿರುವುದು ಒಬ್ಬ ವ್ಯಕ್ತಿ, ಸಂಸ್ಥೆಯಲ್ಲ. ಆ ಭಾಗವನ್ನು ಪೂರ್ತಿ ಕೈಬಿಟ್ಟೆ.

2. ಎಷ್ಟು ಉದ್ದ ಎಂಬುದನ್ನು ಗಡಿಯಾರದಿಂದ ಹಿಂದಕ್ಕೆ ಲೆಕ್ಕ ಹಾಕಿ

ಕನ್ನಡದ ಪದಗಳು ಉದ್ದ. ವಿಭಕ್ತಿ, ಕಾಲ, ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಸ್ಟುಡಿಯೋದಲ್ಲಿ ಸುದ್ದಿ ಓದುವವರು ನಿಮಿಷಕ್ಕೆ ನೂರರ ಆಸುಪಾಸು ಪದ ಓದಬಹುದು. ಸಭಾಂಗಣದಲ್ಲಿ ಎಂಬತ್ತು ಸಾಕು, ಅದಕ್ಕಿಂತ ಬೇಗ ಓದಿದರೆ ಹಿಂದಿನ ಸಾಲಿಗೆ ಪ್ರತ್ಯಯಗಳು ಕೇಳಿಸುವುದಿಲ್ಲ. ಐದು ನಿಮಿಷಕ್ಕೆ ನಾನೂರು ಪದವಾಯಿತು. ಅದರಲ್ಲಿ ಹತ್ತು ದೀರ್ಘ ನಿಲುಗಡೆಗಳಿದ್ದರೆ, ಒಂದೊಂದಕ್ಕೆ ಮೂರು ಸೆಕೆಂಡಿನಂತೆ ಅರ್ಧ ನಿಮಿಷ ಹೋಯಿತು, ಅಂದರೆ ನಲವತ್ತು ಪದ ಕಡಿಮೆ. ನಾನು ಬರೆದದ್ದು ಮುನ್ನೂರ ಅರವತ್ತು ಪದ. ಸಂಘಟಕರಿಗೆ ಇದು ಬಹಳ ಕಡಿಮೆ ಅನ್ನಿಸಿತು. ಕೊಟ್ಟಿದ್ದ ಸಮಯ ಐದೇ ನಿಮಿಷ. ಪದ ಹೆಚ್ಚಿಸಿದರೆ ನಿಲುಗಡೆಗಳಿಗೆ ಜಾಗವಿರುವುದಿಲ್ಲ ಅಂತ ವಿವರಿಸಿದೆ.

ಭಾಷಣ ಶಾಲು-ಪೇಟದ ಸನ್ಮಾನಕ್ಕೆ ಮುಂಚೆ ಇರಲಿ. ಹಾರ ಹಾಕಿ, ಫಲತಾಂಬೂಲ ಕೊಟ್ಟು, ಫೋಟೊ ತೆಗೆದ ಮೇಲೆ ಜನ ಕುರ್ಚಿ ಸರಿಸತೊಡಗುತ್ತಾರೆ. ಆಗ ಯಾವ ನಿಲುಗಡೆಯೂ ಉಳಿಯುವುದಿಲ್ಲ.

3. ಹೆಸರಿನ ಹಿಂದೆ ಸರಪಣಿ ಕಟ್ಟಬೇಡಿ

ಬೀಳ್ಕೊಡುಗೆಯ ಕನ್ನಡದಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇದೇ. ನನ್ನ ಕೈಗೆ ಬಂದ ಮೊದಲ ಕರಡಿನ ಆರಂಭ ಹೀಗಿತ್ತು: "ಸುದೀರ್ಘ ಕಾಲ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿ, ತಮ್ಮ ಅನುಪಮ ಕಂಠಸಿರಿಯಿಂದ ನಾಡಿನ ಜನಮಾನಸದಲ್ಲಿ ನೆಲೆಸಿ, ಇದೀಗ ವಯೋನಿವೃತ್ತಿ ಹೊಂದಿರುವ ನಮ್ಮ ಬಡಾವಣೆಯ ಹೆಮ್ಮೆಯ ಶ್ರೀಮತಿ ಇಂಥವರನ್ನು ತುಂಬು ಹೃದಯದಿಂದ ಅಭಿನಂದಿಸಲು ನಾವೆಲ್ಲರೂ ಇಲ್ಲಿ ಸೇರಿದ್ದೇವೆ."

ಕಣ್ಣಿನಲ್ಲಿ ಓದಿದರೆ ವ್ಯಾಕರಣ ತಪ್ಪಿಲ್ಲ. ಗಟ್ಟಿಯಾಗಿ ಓದಿ ನೋಡಿ. ಯಾರ ಬಗ್ಗೆ ಎಂಬುದು ವಾಕ್ಯದ ನಡು ದಾಟಿದ ಮೇಲೆ ಬರುತ್ತದೆ, ಏನು ಎಂಬುದು ತುದಿಯಲ್ಲಿ. ಕೇಳುವವರು ಅಷ್ಟನ್ನೂ ಹೊತ್ತುಕೊಂಡು ಕಾಯಬೇಕು. ಓದುವವರಿಗೆ ಎಲ್ಲಿ ಉಸಿರು ತೆಗೆದುಕೊಂಡರೂ ವಾಕ್ಯ ಮುರಿದಂತೆ ಕೇಳುತ್ತದೆ. ಎಲ್ಲಕ್ಕಿಂತ ಕಷ್ಟ ಹೆಸರಿನ ಬಳಿ. ಅಲ್ಲಿ ಓದುವವರು ಗೌರವಕ್ಕೆಂದು ಒಂದು ಕ್ಷಣ ನಿಲ್ಲುತ್ತಾರೆ, ಸಭೆ ಅದೇ ಮುಕ್ತಾಯ ಎಂದುಕೊಂಡು ಚಪ್ಪಾಳೆ ತಟ್ಟುತ್ತದೆ. ವಾಕ್ಯದ ಉಳಿದ ಭಾಗ ಚಪ್ಪಾಳೆಯಲ್ಲಿ ಮುಳುಗುತ್ತದೆ.

ಹೆಸರನ್ನು ಮೊದಲಿಡಿ. ಅದರ ನಂತರದ ಒಂದೊಂದು ಸಂಗತಿಯೂ ಕ್ರಿಯಾಪದದಲ್ಲಿ ಮುಗಿಯುವ ಗಿಡ್ಡ ವಾಕ್ಯವಾಗಲಿ. ಇಷ್ಟು ಮಾಡಿದರೆ ನಿಲುಗಡೆಗಳಿಗೆ ಜಾಗ ತಾನಾಗಿ ಸಿಗುತ್ತದೆ.

ಸರಪಣಿಯ ಇನ್ನೊಂದು ಅಪಾಯ ಅರ್ಥವನ್ನೇ ಕೆಡಿಸುತ್ತದೆ. "ಮೈಸೂರಿನಿಂದ ಬಂದ ಇವರ ಗುರುಗಳು" ಎಂಬಲ್ಲಿ, 'ಬಂದ' ಆದ ಮೇಲೆ ನಿಂತರೆ ಮೈಸೂರಿನಿಂದ ಬಂದವರು ಗುರುಗಳು. 'ಇವರ' ಆದ ಮೇಲೆ ನಿಂತರೆ ಬಂದವರು ಮೇಡಂ. ಬರೆದವರಿಗೆ ಯಾವುದೆಂದು ಗೊತ್ತಿರುತ್ತದೆ, ಓದುವವರಿಗೆ ಗೊತ್ತಿರಬೇಕೆಂದೇನಿಲ್ಲ. ಇಂಥ ಕಡೆ ಗುರುತು ಹಾಕಿ ಸುಮ್ಮನಾಗುವುದಕ್ಕಿಂತ ವಾಕ್ಯವನ್ನೇ ಬದಲಿಸಿಬಿಡುವುದು ಕ್ಷೇಮ: "ಇವರ ಗುರುಗಳು ಮೈಸೂರಿನವರು."

4. ಮೂರು ಗುರುತು ಸಾಕು

ನಾನು ಬಳಸುವುದು ಓರೆಗೆರೆ. ಒಂದು ಗೆರೆ ಅಂದರೆ ದನಿಯನ್ನು ಕೆಳಗಿಳಿಸದೆ ಅರ್ಧ ಸೆಕೆಂಡು ನಿಲ್ಲುವುದು. ಎರಡು ಗೆರೆ ಅಂದರೆ ದನಿ ಇಳಿಸಿ, ಉಸಿರು ತೆಗೆದುಕೊಂಡು, ಒಂದು ಸೆಕೆಂಡು. ಮೂರು ಗೆರೆ ಅಂದರೆ ಕಾಗದದಿಂದ ತಲೆಯೆತ್ತಿ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುವುದು. ಇದಕ್ಕಿಂತ ಹೆಚ್ಚು ಗುರುತು ಹಾಕಿದರೆ ಓದುವವರ ಗಮನವೆಲ್ಲ ಗುರುತಿನ ಮೇಲೇ ಹೋಗುತ್ತದೆ.

ಅಲ್ಪವಿರಾಮವನ್ನು ನಿಲುಗಡೆಯ ಗುರುತು ಎಂದು ನಂಬಬೇಡಿ. ಅದು ಕಣ್ಣಿಗೆ. "ಬಂದು, ಕೂತು, ಕ್ಯೂ ಶೀಟ್ ನೋಡಿ" ಎಂಬಲ್ಲಿ ಎರಡು ಅಲ್ಪವಿರಾಮಗಳಿವೆ, ಓದುವಾಗ ಒಂದರಲ್ಲೂ ನಿಲ್ಲಬೇಕಿಲ್ಲ. ಹಾಗೆಯೇ "ಆ ಮಧ್ಯಾಹ್ನ ಅವರು" ಎಂಬಲ್ಲಿ ವಿರಾಮಚಿಹ್ನೆಯೇ ಇಲ್ಲ, ಆದರೆ 'ಮಧ್ಯಾಹ್ನ' ಆದ ಮೇಲೆ ಕಿವಿಗೆ ಸ್ವಲ್ಪ ಜಾಗ ಬೇಕು.

ಎಲ್ಲಿ ನಿಲ್ಲಬಾರದು ಎನ್ನುವುದೂ ಮುಖ್ಯ. ಕರ್ಮಕ್ಕೂ ಕ್ರಿಯಾಪದಕ್ಕೂ ನಡುವೆ ನಿಲ್ಲಬೇಡಿ. "ಮೈಕ್ ಫೇಡರನ್ನು" ಎಂದು ನಿಂತು "ಎತ್ತಿದರು" ಅಂದರೆ ನಾಟಕ ಆಗುತ್ತದೆ. ನಮ್ಮ ವಾಕ್ಯದಲ್ಲಿ ಮೊದಲೇ ಕ್ರಿಯೆ ಕೊನೆಗೆ ಬರುತ್ತದೆ, ಅದರ ಮುಂದೆ ಇನ್ನೂ ಕಾಯಿಸಿದರೆ ಕೇಳುವವರು ತಾವೇ ವಾಕ್ಯ ಮುಗಿಸಿಕೊಳ್ಳುತ್ತಾರೆ. ನಿಲ್ಲಬೇಕಾದದ್ದು ವಾಕ್ಯದ ತಲೆಯಲ್ಲಿ, ಅಂದರೆ ಯಾವಾಗ, ಎಲ್ಲಿ, ಯಾರು ಎಂಬುದಾದ ಮೇಲೆ. ಮತ್ತೆ ನಿಲ್ಲಬೇಕಾದದ್ದು ಬಾಲದಲ್ಲಿ, ಕ್ರಿಯಾಪದ ಬಿದ್ದ ಮೇಲೆ.

ನೋವಿನ ಮಾತಿಗೂ ಇದೇ ನಿಯಮ. ಈಗಿನ ಟಿವಿ ನಿರೂಪಣೆಯಲ್ಲಿ ಭಾರವಾದ ಪದದ ಹಿಂದೆ ನಿಲ್ಲುವ ರೂಢಿ ಬಂದಿದೆ. ಪದಕ್ಕೆ ಮುಂಚೆ ನಿಂತರೆ ಮುಂದೇನು ಎಂಬ ಕುತೂಹಲ ಹುಟ್ಟುತ್ತದೆ. ಪದ ಹೇಳಿ ಆಮೇಲೆ ನಿಂತರೆ ಕೇಳುವವರು ತಮ್ಮದೇ ನೆನಪಿಗೆ ಹೋಗುತ್ತಾರೆ. ಬೀಳ್ಕೊಡುಗೆಗೆ ಬೇಕಾದದ್ದು ಎರಡನೆಯದು.

5. ಒಂದು ದಿನವನ್ನು ಪೂರ್ತಿ ಹೇಳಿ

ಡ್ಯೂಟಿ ಆಫೀಸರ್ ಹೇಳಿದ ಆ ದಿನ 2006ರ ಏಪ್ರಿಲ್ 12. ಮಧ್ಯಾಹ್ನ ಡಾ. ರಾಜ್‌ಕುಮಾರ್ ತೀರಿಕೊಂಡರು, ಊರು ಸ್ತಬ್ಧವಾಯಿತು, ಕೆಲವೆಡೆ ಗಲಭೆಯೂ ಆಯಿತು. ಆ ದಿನ ಬೆಂಗಳೂರಿನಲ್ಲಿದ್ದ ಯಾರಿಗೂ ಹೆಚ್ಚು ವಿವರಿಸಬೇಕಿಲ್ಲ. ಭಾಷಣದ ಆ ಭಾಗವನ್ನು ಗುರುತು ಸಮೇತ ಇಲ್ಲಿ ಕೊಡುತ್ತೇನೆ.

ಮೇಡಂ, //
ನಿಮ್ಮ ಬಗ್ಗೆ ಹೇಳಲು / ಒಂದೇ ಒಂದು ದಿನವನ್ನು ಆರಿಸಿಕೊಂಡಿದ್ದೇನೆ. //
ಎರಡು ಸಾವಿರದ ಆರು, / ಏಪ್ರಿಲ್ ಹನ್ನೆರಡು. / ಬುಧವಾರ. //
ಆ ಮಧ್ಯಾಹ್ನ / ರಾಜ್‌ಕುಮಾರ್ ತೀರಿಕೊಂಡರು. ///
ಅಂಗಡಿಗಳು ಬಾಗಿಲು ಹಾಕಿದವು. / ಬಸ್ಸುಗಳು ನಿಂತವು. //
ಸಂಜೆ ಪಾಳಿಯವರಿಗೆ / ನಿಲಯಕ್ಕೆ ಬರಲು ದಾರಿಯೇ ಇರಲಿಲ್ಲ. //
ನಿಮ್ಮ ಪಾಳಿ ಮುಗಿದಿತ್ತು. / ಊಟದ ಡಬ್ಬಿಯೂ ಖಾಲಿಯಾಗಿತ್ತು. //
ನೀವು ಮತ್ತೆ ಒಳಗೆ ಹೋಗಿ ಕೂತಿರಿ. ///
ಒಂದು ಹಾಡು ಮುಗಿದಾಗ / ನಿಮ್ಮ ದನಿ. // ಇನ್ನೊಂದು ಹಾಡು ಮುಗಿದಾಗ / ಅದೇ ದನಿ. //
ಅದೇ ಸುದ್ದಿ. / ಅದೇ ನಾಲ್ಕು ವಾಕ್ಯ. / ರಾತ್ರಿ ಪ್ರಸಾರ ಮುಗಿಯುವ ತನಕ. //
ಒಂದು ಸಲವೂ ದನಿ ನಡುಗಲಿಲ್ಲ. ///
ಕೇಳುತ್ತಿದ್ದ ನಾವು / ಅಳುತ್ತಿದ್ದೆವು. //
ನಿಮಗೆ / ಅಳಲು ಪುರುಸೊತ್ತು ಸಿಕ್ಕಿದ್ದು / ಮಾರನೇ ದಿನ, ಮನೆಗೆ ಹೋದ ಮೇಲೆ. ///

ಇಸವಿಯನ್ನು ಅಕ್ಷರದಲ್ಲೇ ಬರೆದಿದ್ದೇನೆ. ಅಂಕಿ ಕಂಡರೆ ಓದುವವರು ಒಂದು ಕ್ಷಣ ತಡೆದು ಅದನ್ನು ಮಾತಾಗಿಸಿಕೊಳ್ಳಬೇಕು, ಆ ತಡೆಯುವಿಕೆ ನಿಲುಗಡೆಯಂತೆಯೇ ಕೇಳುತ್ತದೆ. 'ಬುಧವಾರ' ಎಂಬುದು ಮಾಹಿತಿಗೆ ಬೇಕಾದದ್ದಲ್ಲ. ದಿನಾಂಕ ಕೇಳಿದ ಮೇಲೆ ಜನರಿಗೆ ನೆನಪು ಮಾಡಿಕೊಳ್ಳಲು ಒಂದು ಪದದಷ್ಟು ಹೊತ್ತು ಬೇಕು, ಅದನ್ನು ಮೌನದಿಂದ ಕೊಡುವ ಬದಲು ವಾರದ ಹೆಸರಿನಿಂದ ಕೊಟ್ಟೆ. "ತೀರಿಕೊಂಡರು" ಆದ ಮೇಲೆ ಮೂರು ಗೆರೆ ಇದೆ, ಅದರ ಹಿಂದೆ ಒಂದೂ ಇಲ್ಲ. "ರಾಜ್‌ಕುಮಾರ್" ಹೆಸರಿನ ಬಳಿ ನಿಂತಿದ್ದರೆ ಚಪ್ಪಾಳೆ ಬರುವ ಸಂಭವವಿತ್ತು.

"ನಡುಗಲಿಲ್ಲ" ಆದ ಮೇಲಿನ ಮೂರು ಗೆರೆ ಮೇಡಂ ಅವರಿಗಾಗಿ. ಮೈಕಿನ ಮುಂದೆ ದನಿಯನ್ನು ಸ್ಥಿರವಾಗಿ ಹಿಡಿಯುವುದು ಎಂಥ ಶ್ರಮ ಎಂದು ಸಭೆಯಲ್ಲಿ ಅವರಷ್ಟು ಬಲ್ಲವರು ಇನ್ನಾರೂ ಇಲ್ಲ. ಮೂರು ಸೆಕೆಂಡು ಆ ಮಾತು ಅವರದ್ದಾಗಿಯೇ ಉಳಿಯಲಿ ಎಂದು ಬಿಟ್ಟೆ.

ಕೊನೆಯ ವಾಕ್ಯದ ಅಲ್ಪವಿರಾಮದ ಬಳಿ ಗೆರೆಯಿಲ್ಲ. "ಮಾರನೇ ದಿನ, ಮನೆಗೆ ಹೋದ ಮೇಲೆ" ಒಂದೇ ಉಸಿರಿನಲ್ಲಿ ಬರಬೇಕು, ಮನೆಮಾತಿನ ಹಾಗೆ. ಅಲ್ಲಿ ನಿಂತರೆ ಕರುಣೆಯನ್ನು ಬೇಡಿದಂತಾಗುತ್ತದೆ, ಮೇಡಂ ಅದನ್ನು ಸಹಿಸುವವರಲ್ಲ.

6. ಬಾನುಲಿಯವರು ನಿಲುಗಡೆಯನ್ನು ಕದಿಯುತ್ತಾರೆ

ಓದುವವರು ಉದ್ಘೋಷಕಿ ಆಗಿದ್ದರಿಂದ ಉಚ್ಚಾರದ ಚಿಂತೆ ಇರಲಿಲ್ಲ. ಶ, ಷ, ಸ ಬೇರೆ ಬೇರೆ ಕೇಳುತ್ತಿದ್ದವು, ಹಕಾರ ಎಲ್ಲೂ ಅಕಾರವಾಗಲಿಲ್ಲ. ಅಭ್ಯಾಸದಲ್ಲಿ ಕಂಡ ತೊಂದರೆಯೇ ಬೇರೆ: ಮೂರು ಗೆರೆ ಹಾಕಿದ ಕಡೆಯೆಲ್ಲ ಅವರು ಒಂದೇ ಸೆಕೆಂಡಿಗೆ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು.

ಕಾರಣ ವೃತ್ತಿಯಲ್ಲೇ ಇದೆ. ಪ್ರಸಾರದಲ್ಲಿ ಮೌನವೆಂದರೆ ದೋಷ. ಮೂರು ನಾಲ್ಕು ಸೆಕೆಂಡು ಏನೂ ಕೇಳದಿದ್ದರೆ ಕೇಳುಗರು ಸ್ಟೇಷನ್ ಬದಲಿಸುತ್ತಾರೆ, ನಿಯಂತ್ರಣ ಕೊಠಡಿಯಲ್ಲಿ ಗಾಜಿನ ಆಚೆ ಯಾರೋ ಎದ್ದು ನಿಲ್ಲುತ್ತಾರೆ, ಅಡಚಣೆಗಾಗಿ ವಿಷಾದ ಹೇಳಬೇಕಾಗುತ್ತದೆ, ಆ ದಿನದ ವರದಿಯಲ್ಲಿ ಅದು ದಾಖಲಾಗುತ್ತದೆ. ಮೌನ ಬಂದರೆ ತುಂಬು ಎಂದು ವರ್ಷಗಟ್ಟಲೆ ಕಲಿತ ಮೈ, ವೇದಿಕೆಯ ಮೇಲೆ ನಿಲ್ಲು ಎಂದ ತಕ್ಷಣ ನಿಲ್ಲುವುದಿಲ್ಲ. ಸ್ಟುಡಿಯೋದಲ್ಲಿ ಕೇಳುವವರು ಕಾಣುವುದೂ ಇಲ್ಲ. ಇಲ್ಲಿ ಕಾಣುತ್ತಾರೆ. ಮೌನದಲ್ಲಿ ಅವರ ಮುಖ ನೋಡುತ್ತ ನಿಲ್ಲುವುದು ಬಾನುಲಿಯವರಿಗೆ ಅಭ್ಯಾಸವಿಲ್ಲದ ಕೆಲಸ.

"ನಿಧಾನ" ಎಂದು ಹೇಳಿದರೆ ಪ್ರಯೋಜನವಾಗಲಿಲ್ಲ, ಪದಗಳನ್ನು ಎಳೆಯತೊಡಗಿದರು. ಕೊನೆಗೆ ಕೈಗೊಂದು ಕೆಲಸ ಕೊಟ್ಟೆವು. ಮೂರು ಗೆರೆ ಬಂದಾಗಲೆಲ್ಲ ಕಾಗದದ ಮೇಲಿಟ್ಟ ಹೆಬ್ಬೆರಳನ್ನು ಮೆಲ್ಲಗೆ ಮೂರು ಸಲ ಒತ್ತಬೇಕು, ಆಮೇಲೆಯೇ ಮುಂದಿನ ಸಾಲು. ಎಣಿಕೆ ಮನಸ್ಸಿನಿಂದ ಬೆರಳಿಗೆ ಇಳಿದ ಮೇಲೆ ನಿಲುಗಡೆ ಸರಿಯಾಯಿತು. ಓದುವವರು ಬಾನುಲಿಯವರಲ್ಲದಿದ್ದರೆ ತೊಂದರೆ ತಿರುಗುಮುರುಗು: ಅವರು ಎರಡು ಗೆರೆಯಲ್ಲೇ ಬಹಳ ಹೊತ್ತು ನಿಲ್ಲುತ್ತಾರೆ. ಅಂಥವರ ಪ್ರತಿಯಲ್ಲಿ ಮೂರು ಗೆರೆಗಳನ್ನು ಮೂರೋ ನಾಲ್ಕೋ ಕಡೆಗೆ ಇಳಿಸಿ.

7. ಸಭಾಂಗಣವನ್ನು ಒಂದು ಸಲ ಕೇಳಿ ಬನ್ನಿ

ಜೆ.ಪಿ. ನಗರದ ರಂಗಶಂಕರದಂಥ ಜಾಗ ಬರಿಯ ದನಿಗೆಂದೇ ಕಟ್ಟಿದ್ದು, ಅಲ್ಲಿ ಅರ್ಧ ಸೆಕೆಂಡಿನ ನಿಲುಗಡೆಯೂ ಕೇಳುತ್ತದೆ. ಬಡಾವಣೆಯ ಸಭಾಂಗಣಗಳು ಹಾಗಲ್ಲ. ಟೈಲ್ಸ್ ನೆಲ, ಬೋಳು ಗೋಡೆ, ಫ್ಯಾನು. ಕೈ ತಟ್ಟಿದರೆ ಸದ್ದು ಹಿಂತಿರುಗಿ ಬರುತ್ತದೆ. ಅಂಥ ಕಡೆ ಒಂದು ಗೆರೆಯ ನಿಲುಗಡೆಯನ್ನು ಹಿಂದಿನ ಪದದ ಮಾರ್ದನಿಯೇ ನುಂಗಿಬಿಡುತ್ತದೆ. ನಮ್ಮ ಸಭಾಂಗಣದಲ್ಲಿ ಕೈ ತಟ್ಟಿ ನೋಡಿ, ವಾಕ್ಯದ ಕೊನೆಯಲ್ಲಿದ್ದ ಕೆಲವು ಒಂಟಿ ಗೆರೆಗಳನ್ನು ಜೋಡಿ ಮಾಡಿದೆ. ರಸ್ತೆಯ ಕಡೆಯ ಕಿಟಕಿಗಳನ್ನು ಭಾಷಣದ ಐದು ನಿಮಿಷ ಮುಚ್ಚಿಸಲು ಒಪ್ಪಿಸಿದೆವು. ಹಾರ್ನಿನ ಸದ್ದು ಹೆಚ್ಚಾಗಿ ನುಗ್ಗುವುದು ನಿಲುಗಡೆಯೊಳಕ್ಕೇ.

8. ಕಾಗದ

ದಪ್ಪ ಅಕ್ಷರ, ಒಂದೇ ಮಗ್ಗುಲು, ಪಿನ್ನು ಹೊಡೆಯದ ಬಿಡಿ ಹಾಳೆ. ವಾಕ್ಯ ಒಂದು ಪುಟದಿಂದ ಇನ್ನೊಂದಕ್ಕೆ ಹರಿಯಬಾರದು. ಪುಟದ ಕೊನೆಗೆ ಯಾವಾಗಲೂ ಎರಡು ಅಥವಾ ಮೂರು ಗೆರೆ ಬರುವಂತೆ ಹೊಂದಿಸಿ, ಹಾಳೆ ಪಕ್ಕಕ್ಕೆ ಸರಿಸುವ ಹೊತ್ತು ನಿಲುಗಡೆಯಲ್ಲೇ ಸೇರಿಹೋಗುತ್ತದೆ. ಪುಟದ ಕೆಳಗಿನ ಮೂರನೇ ಒಂದು ಭಾಗ ಖಾಲಿ ಇರಲಿ. ಅಲ್ಲಿಯವರೆಗೆ ಬರೆದರೆ ಓದುವವರ ಗದ್ದ ಕೆಳಗಿಳಿದು ದನಿ ಎದೆಗೆ ಬೀಳುತ್ತದೆ, ಮೈಕಿಗಲ್ಲ.

9. ಕಣ್ಣು ಮುಚ್ಚಿ ಒಂದು ಸಲ ಕೇಳಿ

ಅಭ್ಯಾಸವನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಬರೆದದ್ದನ್ನು ನೋಡದೆ ಕೇಳಿ. ಎರಡು ಲಕ್ಷಣಗಳನ್ನು ಹುಡುಕಿ. ಎಲ್ಲ ವಾಕ್ಯಗಳೂ ಒಂದೇ ರಾಗದಲ್ಲಿ ಏರಿ ಇಳಿಯುತ್ತಿದ್ದರೆ ವಾಕ್ಯಗಳ ಉದ್ದ ಒಂದೇ ಸಮ ಆಗಿದೆ ಎಂದರ್ಥ. ಎರಡನ್ನು ಸೇರಿಸಿ, ಒಂದನ್ನು ಮುರಿಯಿರಿ. ನಿಲುಗಡೆಯಾದ ಮೇಲಿನ ಪದ ಜೋರಾಗಿ ಹಾರಿ ಬರುತ್ತಿದ್ದರೆ, ಓದುವವರು ಉಸಿರು ಕಟ್ಟಿ ಕಾಯುತ್ತಿದ್ದರು ಎಂದರ್ಥ. ನಿಲುಗಡೆಯ ಶುರುವಿನಲ್ಲೇ ಉಸಿರು ಬಿಡಲು ಹೇಳಿ.

ನಮ್ಮ ಧ್ವನಿಮುದ್ರಣದಲ್ಲಿ ಇನ್ನೊಂದು ಸಂಗತಿ ಕಂಡಿತು. ಭಾಷಣ "ನಿಮಗೆ ಆಯುರಾರೋಗ್ಯ ಸಿಗಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ" ಎಂದು ಮುಗಿಯುತ್ತಿತ್ತು, ಅದು ಸಂಘಟಕರ ಅಪೇಕ್ಷೆ. ಆದರೆ ಅದರ ನಂತರ ಮಾತಾಡಬೇಕಾದವರು ಮೇಡಂ. ಒಬ್ಬ ಉದ್ಘೋಷಕಿ ಇನ್ನೊಬ್ಬರಿಗೆ ಪಾಳಿ ಒಪ್ಪಿಸುವಾಗ ಹಾಗೆ ಮುಗಿಸುವುದಿಲ್ಲ, ಮುಂದೆ ಬರುವುದು ಏನೆಂದು ಹೇಳಿ ಬಿಟ್ಟುಕೊಡುತ್ತಾರೆ. ಆ ವಾಕ್ಯ ತೆಗೆದು ಹೀಗೆ ಬರೆದೆ:

ಈಗ ಸಮಯ / ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. //
ಮುಂದೆ ಮಾತನಾಡುವವರು / ನಮ್ಮ ಮೇಡಂ. ///

ಓದುವ ಪ್ರತಿಯಲ್ಲಿ ಸಮಯದ ಜಾಗವನ್ನು ಖಾಲಿ ಬಿಟ್ಟು, ಗೋಡೆಯ ಗಡಿಯಾರ ನೋಡಿ ಆ ಕ್ಷಣದ ಸಮಯವನ್ನೇ ಹೇಳುವಂತೆ ಓದುವವರಿಗೆ ತಿಳಿಸಿದ್ದೆ. ಈ ಸಾಲುಗಳಿಗಾಗಿ ಧ್ವನಿವರ್ಧಕದವನಿಗೂ ಗುರುತು ಹಾಕಿದ ಒಂದು ಪ್ರತಿ ಕೊಟ್ಟೆವು. ಕೊನೆಯ ಮೂರು ಗೆರೆಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಎರಡನೇ ಮೈಕ್ ತೆರೆಯಿರಿ" ಎಂದು ಬರೆದಿತ್ತು. ಆ ಮೈಕನ್ನು ಮೇಡಂ ಕೂತ ಕುರ್ಚಿಯ ಮುಂದೆಯೇ, ಅವರ ಬಾಯಿಂದ ಒಂದು ಗೇಣು ದೂರಕ್ಕೆ ಮೊದಲೇ ಹೊಂದಿಸಿಟ್ಟಿದ್ದರಿಂದ ಅವರು ಎದ್ದು ಬರಬೇಕಾಗಲಿಲ್ಲ.